ಬೀಗ ಹಾಕಿದ ಬಾಗಿಲಿಗೆ ಅಂಟಿಸಿದ ಸಮನ್ಸು

ಗಂಡ ತೀರಿದ ಮೇಲೆ ಮಾಯಕ್ಕ ಖಾನಾಪುರದ ಹತ್ತಿರದ ಹಳ್ಳಿ ಗುಂಜಿಯ ಮನೆಗೆ ಬೀಗ ಹಾಕಿ ಬೆಳಗಾವಿಯ ಅನಗೋಳಕ್ಕೆ ಬಂದಳು. ಅಲ್ಲಿನ ಕ್ಯಾಂಪ್ ಬಡಾವಣೆಯ ಒಂದು ಶಾಲೆಯಲ್ಲಿ ಆಯಾ ಕೆಲಸ ಹಿಡಿದು ಆರು ವರ್ಷವಾಗಿತ್ತು. ಗುಂಜಿಯ ಮನೆಯ ಹಿತ್ತಲಿನ ಮೇಲೆ ಪಕ್ಕದ ಜಾಗದ ಒಡೆಯ ಬಿಂದುಮಾಧವನ ಕಣ್ಣಿತ್ತು. ಆತ ಖಾನಾಪುರದ ನಿವೃತ್ತ ಮಾಸ್ತರ. ಮಕ್ಕಳಿಗೆ ಸತ್ಯವನ್ನು ಬಾಯಿಪಾಠ ಮಾಡಿಸಿದವನು ತಾನು ಮಾತ್ರ ಅದರ ಗೋಜಿಗೆ ಹೋದವನಲ್ಲ.

ಒಂದು ದಿನ ಗುಂಜಿಯಿಂದ ಮೈದುನ ಸೋಮಲಿಂಗ ಫೋನು ಮಾಡಿದ. ಹಿತ್ತಲನ್ನು ಬಿಂದುಮಾಧವನಿಗೆ ಬಿಡಿಸಿಕೊಡಲು ಕೋರ್ಟಿನ ಅಮೀನ ಬಂದಿದ್ದನೆಂದ. ಸೋಮಲಿಂಗ ಅಡ್ಡ ನಿಂತದ್ದರಿಂದ ಅಮೀನ ಅಂದು ಮರಳಿದ್ದ. ದಾವೆ ಹಾಕಿದ್ದೂ ಗೊತ್ತಿರದ ಮಾಯಕ್ಕ ಮರುದಿನ ರಜೆ ಹಾಕಿ ವಕೀಲೆ ಸುಲಭಾಳ ಬಳಿ ಹೋದಳು.

ಸುಲಭಾ ನಕಲು ತೆಗೆಸಿ ಓದಿದಳು. ದಾವೆಯಲ್ಲಿ ಬಿಂದುಮಾಧವ ಕೊಟ್ಟದ್ದು ಗುಂಜಿಯ ವಿಳಾಸ. ಸಮನ್ಸು ತಂದು ಬೀಗ ಕಂಡ ಕೋರ್ಟಿನ ಬೇಲೀಫನಿಗೆ ಆಕೆ ಬೇಕೆಂದೇ ತಪ್ಪಿಸಿಕೊಳ್ಳುತ್ತಾಳೆಂದು ಹೇಳಿ ಅದನ್ನು ಬಾಗಿಲಿಗೆ ಅಂಟಿಸುವಂತೆ ಮಾಡಿದ್ದ. ಮಾಯಕ್ಕ ಹಾಜರಾಗಲಿಲ್ಲವೆಂದು ಅವನ ಮಾತೊಂದನ್ನೇ ಕೇಳಿ ಏಕಪಕ್ಷೀಯ ಡಿಕ್ರಿಯಾಗಿತ್ತು. ಅದಾಗಿ ಹನ್ನೊಂದು ತಿಂಗಳು.

ಇನ್ನೇನು ಉಳಿದೀತೆಂದು ಮಾಯಕ್ಕ ಕೈಚೆಲ್ಲಿ ಕುಳಿತಳು.

"ಸಮನ್ಸು ಸರಿಯಾಗಿ ಮುಟ್ಟಿಲ್ಲ ಅಂದ್ರ, ಡಿಕ್ರಿ ಆದದ್ದು ನಿಮಗ ಗೊತ್ತಾದ ದಿನದಿಂದ ಮೂವತ್ತು ದಿನ ಇರ್ತಾವ್ರಿ ಮಾಯಕ್ಕಾ," ಎಂದಳು ಸುಲಭಾ. "ಡಿಕ್ರಿ ಕೊಟ್ಟ ಕೋರ್ಟಿಗೇ ಅರ್ಜಿ ಹಾಕೂಣು."

ಆ ವಾರವೇ ಡಿಕ್ರಿ ರದ್ದು ಮಾಡಲು ಅರ್ಜಿ, ಪ್ರಮಾಣಪತ್ರ, ಅಲ್ಲಿಯವರೆಗೆ ಡಿಕ್ರಿಯ ಅಮಲ್ಜಾರಿಗೆ, ಅಂದರೆ ಹಿತ್ತಲು ಬಿಡಿಸುವುದಕ್ಕೆ, ತಡೆ ಕೇಳುವ ಇನ್ನೊಂದು ಅರ್ಜಿ ಹೋದವು. ಅನಗೋಳದ ಬಾಡಿಗೆ ಕರಾರು, ಶಾಲೆಯ ಹಾಜರಿ ಪುಸ್ತಕದ ನಕಲನ್ನೂ ಸುಲಭಾ ಜೋಡಿಸಿದಳು. ತಡೆ ಸಿಕ್ಕಿತು.

ವಿಚಾರಣೆಯ ದಿನ ಬಿಂದುಮಾಧವ ಇಸ್ತ್ರಿಯ ಧೋತರ ಉಟ್ಟು, ಎಲ್ಲರನ್ನೂ ಪರೀಕ್ಷೆಗೆ ಕೂಡಿಸಿದವನಂತೆ ಕಟಕಟೆ ಹತ್ತಿದ. ಡಿಕ್ರಿ ಉಳಿಸಿಕೊಳ್ಳಲು, ಮಾಯಕ್ಕನಿಗೆ ದಾವೆಯ ಸಂಗತಿ ಮೊದಲಿನಿಂದ ಗೊತ್ತಿತ್ತೆಂದು ಸಾಧಿಸುವ ಚಪಲ ಅವನಿಗೆ.

"ದಾವೆ ಹಾಕಿದ ಮರುವಾರ ಅನಗೋಳದಾಗ ಅಕಿ ಮನಿಗೇ ಹೋಗಿ ಹೇಳೀನಿ," ಎಂದ.

ಮಾಯಕ್ಕನಿಗೆ ಅಸಹ್ಯವಾಯಿತು. ಆತ ಬಂದದ್ದು ಖರೆ. ಅವಲಕ್ಕಿ ತಿಂದು, ಚಹಾ ಕುಡಿದು, ಮಗಳು ರೂಪಾಲಿಯ ಓದಿನ ಬಗ್ಗೆ ಉಪದೇಶ ಮಾಡಿ ಹೋಗಿದ್ದ. ದಾವೆಯ ಸೊಲ್ಲೆತ್ತಿರಲಿಲ್ಲ.

"ಅನಗೋಳದ ಮನಿ ಗೊತ್ತಿದ್ದೂ ದಾವೆದಾಗ ಬೀಗ ಹಾಕಿದ ಮನಿ ವಿಳಾಸ ಯಾಕ ಬರದ್ರಿ?" ಎಂದು ಸುಲಭಾ ಕೇಳಿದಳು. ವಿಚಾರಣೆಗೆ ಯಾವ ತಾರೀಖಿಗೆ ಬರಬೇಕೆಂದು ಹೇಳಿದಿರಿ ಎಂದೂ ಕೇಳಿದಳು. ಮಾಸ್ತರ ಚಷ್ಮಾ ಒರೆಸಿದ, ಮತ್ತೆ ಒರೆಸಿದ.

ಸಮನ್ಸು ಕ್ರಮಬದ್ಧವಾಗಿ ಜಾರಿಯಾಗಿಲ್ಲ, ವಿಚಾರಣೆಯ ತಾರೀಖು ಮಾಯಕ್ಕನಿಗೆ ಗೊತ್ತಿತ್ತೆಂಬುದಕ್ಕೂ ಆಧಾರವಿಲ್ಲವೆಂದು ನ್ಯಾಯಾಧೀಶರು ಡಿಕ್ರಿ ರದ್ದು ಮಾಡಿ, ದಾವೆಯನ್ನು ಮತ್ತೆ ಕಡತಕ್ಕೆ ತೆಗೆದುಕೊಂಡರು. ಹಿತ್ತಲು ಯಾರದೆಂಬುದು ಇನ್ನೂ ತೀರ್ಮಾನವಾಗಬೇಕು. ಮಾಯಕ್ಕ ತನ್ನ ಲಿಖಿತ ಹೇಳಿಕೆ ಕೊಡಬೇಕು.

ಹೊರಗೆ ವರಾಂಡದಲ್ಲಿ ಬಿಂದುಮಾಧವ ಮೋರೆ ತಿರುಗಿಸಿಕೊಂಡು ಹೊರಟಿದ್ದ.

"ಗುರುಗಳ, ಇನ್ನ ಪ್ರತಿ ತಾರೀಖಿಗೂ ನಾನೂ ಬರ್ತೀನ್ರಿ," ಎಂದಳು ಮಾಯಕ್ಕ. "ಹೇಳೂದೆಲ್ಲ ನನ್ನ ಎದುರಿಗೇ ಹೇಳ್ರಿ."