ರಸ್ತೆ ಬದಿಯ ಕಲ್ಲುಹೂವು

ಹುಣಸೂರಿನ ಸರ್ಕಾರಿ ಕಾಲೇಜಿನಲ್ಲಿ ರಾಧಾ ಐದು ವರ್ಷ ಅರೆಕಾಲಿಕ ಉಪನ್ಯಾಸಕಿಯಾಗಿ ಸಸ್ಯಶಾಸ್ತ್ರ ಪಾಠ ಮಾಡಿದ್ದಳು. ಪ್ರತಿ ಬೇಸಿಗೆಗೂ ಕೆಲಸ ನಿಲ್ಲುತ್ತಿತ್ತು. ಕಾಲೇಜು ತೆರೆದಾಗ ಮತ್ತೆ ಹೊಸದಾಗಿ ಅರ್ಜಿ. 2000ನೇ ಇಸವಿಯಲ್ಲಿ ಕಾಯಂ ಉಪನ್ಯಾಸಕ ಶಿವಶಂಕರ್ ಅಲ್ಲಿಗೆ ವರ್ಗವಾಗಿ ಬಂದರು. ಅವಳ ತರಗತಿಗಳೆಲ್ಲ ಅವರ ಪಾಲಾದವು.

ಲ್ಯಾಬಿನ ಬೀಗದ ಕೈ ಕೊಡಲು ಹೋದಾಗ ಅವರೇ ಮಾತು ತೆಗೆದರು. "ನಾನೂ ಏಳು ವರ್ಷ ಹಿಂಗೇ ಅಲೆದೋನು ಕಣಮ್ಮ. ಎಮ್ಮೆಸ್ಸಿ ಒಂದರಿಂದ ಆಗಲ್ಲ. ನೆಟ್ ಪರೀಕ್ಷೆ ಬರೀರಿ, ಪಿಎಚ್‌ಡಿಗೂ ಸೇರ್ಕೊಳ್ರಿ."

"ಯಾವ ವಿಷಯದ ಮೇಲೆ ಮಾಡ್ಲಿ ಸಾರ್?"

"ನಿಮ್ಗೆ ನಿದ್ದೆ ಕೆಡಿಸೋ ಪ್ರಶ್ನೆ ಯಾವುದೋ, ಅದ್ರ ಮೇಲೆ."

ಅಂಥ ಪ್ರಶ್ನೆ ಎಚ್.ಡಿ. ಕೋಟೆಯ ಹತ್ತಿರದ ತವರಿನಲ್ಲಿ ಸಿಕ್ಕಿತು. ಸಾರಿನ ಮಸಾಲೆಗೆ ಹಾಕುವ ಕಲ್ಲುಹೂವನ್ನು ಹಸನು ಮಾಡುತ್ತಿದ್ದ ತಾಯಿ ಬೀರಮ್ಮ ಕೇಳಿದಳು: "ಇಂಥದ್ದೇ ನಮ್ಮ ತೋಟದ ಮಾವಿನ್ಮರದಲ್ಲೆಲ್ಲ ಅಂಟ್ಕಂಡದೆ. ಬಸ್ ರೋಡಿನ ಮರದಲ್ಲಿ ಯಾಕಿಲ್ಲ?"

ರಾಧಾ ಅವತ್ತೇ ರಸ್ತೆಗೆ ಹೋಗಿ ಮರಗಳನ್ನು ಎಣಿಸಿದಳು. ಅವ್ವನ ಮಾತು ನಿಜವಾಗಿತ್ತು. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಆ ಜೀವಕ್ಕೆ ವಾಹನಗಳ ಹೊಗೆ ಆಗಿಬರುವುದಿಲ್ಲವೇ? ಮಾನಸಗಂಗೋತ್ರಿಯ ಪ್ರಾಧ್ಯಾಪಕರೊಬ್ಬರು ಮಾರ್ಗದರ್ಶನಕ್ಕೆ ಒಪ್ಪಿದರು. ಹೊಗೆ ಸೋಂಕದ ಮರಗಳನ್ನು ಹೋಲಿಸಿ ನೋಡಲು ಕಾಕನಕೋಟೆಯ ಕಾಡಿಗೆ ಅರಣ್ಯ ಇಲಾಖೆಯ ಅನುಮತಿ ಸಿಗಲು ಹತ್ತು ತಿಂಗಳು ಹಿಡಿಯಿತು. ತಂದ ಮಾದರಿಗಳನ್ನು ಕಾಗದದ ಪೊಟ್ಟಣದಲ್ಲಿಟ್ಟು, ಯಾವ ಜಾತಿಯೆಂದು ಗುರುತಿಸಲು ಒಂದೊಂದರ ಮೇಲೂ ರಾಸಾಯನಿಕದ ಹನಿ ಬಿಟ್ಟು, ಬಣ್ಣ ತಿರುಗುತ್ತದೆಯೇ ಎಂದು ನೋಡುತ್ತಿದ್ದಳು.

ಹೊಟ್ಟೆಪಾಡಿಗೆ ಪಿರಿಯಾಪಟ್ಟಣದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸ. ನೆಟ್ ಬರೆಯಲು ಬೆಂಗಳೂರಿಗೆ ಮೂರು ಸಲ ಹೋದಳು. ಸಂಶೋಧನಾ ವೇತನಕ್ಕೆ ವಯಸ್ಸು ಮೀರಿತ್ತು. ಉಪನ್ಯಾಸಕರ ಅರ್ಹತೆಗೆ ಆ ಮಿತಿ ಇರಲಿಲ್ಲ. ಮೂರನೆಯ ಸಲ ಪಾಸಾದಳು. 2006ರಲ್ಲಿ ಪ್ರಬಂಧ ಒಪ್ಪಿತವಾಗಿ ಮೌಖಿಕ ಪರೀಕ್ಷೆಯೂ ಮುಗಿದು, ಡಾಕ್ಟರ್ ಆದಳು.

ಆದರೂ ಹುದ್ದೆ ಎಲ್ಲಿ? ಮರುವರ್ಷ ಲೋಕಸೇವಾ ಆಯೋಗ ಅರ್ಜಿ ಕರೆದಾಗ ಅವಳಿಗೆ ಮೂವತ್ತಾರು. ಹಿಂದುಳಿದ ವರ್ಗದ ರಿಯಾಯಿತಿ ಇಲ್ಲದಿದ್ದರೆ ಬಾಗಿಲೇ ಮುಚ್ಚುತ್ತಿತ್ತು.

ಸಂದರ್ಶನದಲ್ಲಿ ಒಬ್ಬರು ಕೇಳಿದರು: "ರಸ್ತೆ ಬದಿಯ ಮರದಲ್ಲಿ ಕಲ್ಲುಹೂವು ಬೆಳೆಯಲ್ಲ ಅಂತ ಬರೆದಿದ್ದೀರಿ. ಹೊಗೆಯೇ ಕಾರಣ ಅಂತ ಹೇಗೆ ಹೇಳ್ತೀರಿ? ಬಿಸಿಲೂ ಇರಬಹುದಲ್ಲ?"

"ಇರಬಹುದು ಸರ್. ಅದಕ್ಕೇ ಒಂದೇ ಥರ ಬಿಸಿಲು ಬೀಳೋ ಮರಗಳನ್ನೇ ಹೋಲಿಸಿದೆ. ಆದ್ರೂ ಎರಡು ಮರ ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ."

ಗೊತ್ತಿಲ್ಲ ಎಂದದ್ದು ತಪ್ಪಾಯಿತೇನೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೊರಗಿದಳು. ತಾತ್ಕಾಲಿಕ ಪಟ್ಟಿ, ಆಕ್ಷೇಪಣೆ, ಅಂತಿಮ ಪಟ್ಟಿ, ದಾಖಲೆ ಪರಿಶೀಲನೆ ಎಲ್ಲ ಮುಗಿದು, 2009ರಲ್ಲಿ ಕೆ.ಆರ್. ನಗರದ ಕಾಲೇಜಿಗೆ ನೇಮಕದ ಆದೇಶ ಬಂತು.

ಹಾಜರಾದ ದಿನ ಪ್ರಾಂಶುಪಾಲ ಕಂಠಪ್ಪನವರು ವೇಳಾಪಟ್ಟಿ ಮುಂದಿಟ್ಟರು. "ಏನಾದ್ರೂ ಬೇಕಾ ಮೇಡಂ?"

"ಮೈಕ್ರೋಸ್ಕೋಪ್ ಇದ್ಯಾ ಸಾರ್?"

"ನಾಕವೆ. ಮೂರು ಕೆಟ್ಟವೆ."

ರಾಧಾ ಸೆರಗು ಸಿಕ್ಕಿಸಿಕೊಂಡು, ಕೆಟ್ಟವನ್ನೇ ಮೊದಲು ನೋಡಲು ಹೊರಟಳು.