ಎರಡು ಕಡೆ, ಎರಡೂ ಕಡೆ

ಕೆಳಗಿನ ಶೆಡ್ಡಿನಲ್ಲಿ ಟೇಪು ಎಳೆಯುವ ಸದ್ದು. ಸರ್ರನೆ ಒಂದು ಎಳೆತ, ಚಟ್ ಎಂದು ಕತ್ತರಿಸಿದ್ದು, ಆಮೇಲೆ ಅಂಗೈಯಿಂದ ಸವರಿದ್ದು. ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ ಜಡೆ ಹೆಣೆಯುತ್ತಿದ್ದ ಅವಳು ಬೆಳಗಿನಿಂದ ಅದನ್ನು ಕೇಳುತ್ತಲೇ ಇದ್ದಳು. ಸದ್ದು ನಡೆಯುತ್ತಿರುವಷ್ಟು ಹೊತ್ತು ಮನಸ್ಸಿಗೆ ನೆಮ್ಮದಿ. ಈಗ ಅದು ನಿಂತಿತು. ಇಷ್ಟು ಬೇಗ ಯಾಕೆ ನಿಂತಿತು ಎಂದು ಅರ್ಧ ಜಡೆಯಲ್ಲೇ ಮೆಟ್ಟಿಲಿಳಿದಳು.

ಅವಳು ಮನೆಬಳಕೆಯ ಸಾಮಾನುಗಳನ್ನು ಅಂಗಡಿಗಳಿಗೆ ಒದಗಿಸುವ ಒಂದು ಚಿಕ್ಕ ಕಚೇರಿಯಲ್ಲಿ ಸರಕು ಕಳಿಸುವ ಕೆಲಸದವಳು. ಯಾರ ಮನೆಗೆ ಹೋದರೂ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಬಾರ್‌ಕೋಡ್ ಸರಿಯಾಗಿ ಮೂಡಿದೆಯೇ ಎಂದು ನೋಡದೆ ಬಿಡಳು. ಅದಕ್ಕೇ ಭಾವ ಅವಳಿಗೆ ‘ಗೆರೆಯಮ್ಮ’ ಎಂದು ಹೆಸರಿಟ್ಟಿದ್ದ. ಭಾವನದು ಮೇಣದಬತ್ತಿ ಮಾಡುವ ಶೆಡ್ಡು. ಅಕ್ಕ ಬತ್ತಿ ಪೋಣಿಸುತ್ತಾಳೆ, ಭಾವ ಮೇಣ ಸುರಿಯುತ್ತಾನೆ, ನಾಲ್ಕು ಜನ ಹೆಂಗಸರು ಪೊಟ್ಟಣ ಕಟ್ಟುತ್ತಾರೆ.

ಊರೂರಿಗೆ ಮಳಿಗೆಗಳಿರುವ ಒಂದು ದೊಡ್ಡ ಅಂಗಡಿ ಸರಣಿಯವರು ಮೇಣದಬತ್ತಿ ಕೇಳಿದಾಗ ಅವಳೇ ಮಾಲೀಕರ ಮುಂದೆ ಭಾವನ ಹೆಸರು ಹೇಳಿದ್ದಳು. ಮಾಲೀಕರು ಕನ್ನಡಕ ತೆಗೆದು ಅವಳನ್ನೇ ನೋಡಿದ್ದರು. “ಸಂಬಂಧ ಮನೇಲಿರಲಿ ಕಣಮ್ಮಾ. ಅವರ ಗೋದಾಮಿನ ಗೇಟಿನಿಂದ ಮಾಲು ವಾಪಸ್ ಬಂತು ಅಂದ್ರೆ, ಮುಂದಿನ ಆರ್ಡರ್ ಬೇರೆಯವರಿಗೆ. ಆಮೇಲೆ ನನ್ನ ಹತ್ರ ಅಳಬಾರದು.”

ಅವಳು ಅಳುವವಳಲ್ಲ. ಆದರೆ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು.

ರಟ್ಟಿನ ಪೆಟ್ಟಿಗೆಗಳು ಸರಕು ಪೇರಿಸುವ ಮರದ ಪ್ಯಾಲೆಟ್‌ಗಳ ಮೇಲೆ ಎದೆಯೆತ್ತರಕ್ಕೆ ಏರಿದ್ದವು. ಗೋಡೆಗೆ ಇಟ್ಟಿಗೆ ಜೋಡಿಸಿದ ಹಾಗೆ ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಉದ್ದಕ್ಕೆ ಇಟ್ಟವುಗಳ ಮೈಮೇಲೆ ಬಿಳಿ ಲೇಬಲ್ ಹೊಳೆಯುತ್ತಿತ್ತು: ಸರಕಿನ ಹೆಸರು, ಒಳಗಿನ ಪೊಟ್ಟಣಗಳ ಸಂಖ್ಯೆ, ತೂಕ, ತಯಾರಿಕೆಯ ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ, ಕೆಳಗೆ ಪೆಟ್ಟಿಗೆಯ ಬಾರ್‌ಕೋಡ್. ಅಡ್ಡಕ್ಕೆ ಇಟ್ಟವು ಬೋಳು ಕಂದು ಮುಖ ತೋರಿಸುತ್ತಿದ್ದವು.

“ಹೆಂಗಿದೆ ಗೆರೆಯಮ್ಮಾ?” ಭಾವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. “ಮದುಮಗಳಿಗೆ ಬೊಟ್ಟಿಟ್ಟಂಗೆ ಇಟ್ಟಿದೀವಿ.”

“ಭಾವ, ಈ ಚಿಕ್ಕ ಮುಖಕ್ಕೆ ಲೇಬಲ್ ಎಲ್ಲಿ?”

“ಅಲ್ಲಿಗ್ಯಾಕೆ? ಉದ್ದದ ಮುಖ ಎರಡಕ್ಕೂ ಹಾಕಿದೀನಲ್ಲ. ಈ ಕಡೆ, ಆ ಕಡೆ. ನೀನೇ ತಾನೇ ಕಚೇರಿಯಿಂದ ಫೋನಲ್ಲಿ ಹೇಳಿದ್ದು, ಎರಡೂ ಕಡೆ ಅಂಟಿಸಿ ಅಂತ?”

“ಎರಡು ಕಡೆ ಅಂದೆ ಭಾವ. ಎರಡೂ ಅಲ್ಲ. ಒಂದು ಉದ್ದದ ಮುಖ, ಅದರ ಪಕ್ಕದ್ದೇ ಒಂದು ಗಿಡ್ಡ ಮುಖ.”

ಅಕ್ಕ ಬತ್ತಿಯ ನೂಲು ಕೆಳಗಿಟ್ಟು ಇಬ್ಬರ ಮುಖ ನೋಡಿದಳು. “ಒಂದು ದೀರ್ಘಕ್ಕೆ ಇಷ್ಟೆಲ್ಲಾನಾ?”

“ಇಷ್ಟೆಲ್ಲಾನೂ ಅಕ್ಕ. ಗೋದಾಮಿನವನು ಪೆಟ್ಟಿಗೆ ಎಳೆದು ನೋಡಲ್ಲ. ಪ್ಯಾಲೆಟ್ ಸುತ್ತ ನಡೀತಾ ಸ್ಕ್ಯಾನರ್ ಹಿಡೀತಾನೆ. ಹೊರಗೆ ಕಾಣೋ ಮುಖದಲ್ಲಿ ಗೆರೆ ಇಲ್ಲ ಅಂದ್ರೆ ಲಾರಿ ಹಾಗೇ ವಾಪಸ್.”

“ಹಂಗಾದ್ರೆ ಎಲ್ಲಾನೂ ಉದ್ದಕ್ಕೇ ಜೋಡಿಸಿಬಿಡೋಣ,” ಎಂದ ಭಾವ.

“ಮೊದಲನೇ ತಿರುವಿನಲ್ಲೇ ರಾಶಿ ಮಗುಚತ್ತೆ. ಅಡ್ಡ ಉದ್ದ ಹೆಣೆದ್ರೇನೇ ಅದು ನಿಲ್ಲೋದು.”

ಭಾವನ ಮುಖ ಕೆಂಪಾಯಿತು. ಅವನು ಒಂದು ಪೆಟ್ಟಿಗೆ ಇಳಿಸಿ, ಹಿಂದಿನ ಲೇಬಲ್‌ನ ಮೂಲೆಗೆ ಉಗುರು ಕೊಟ್ಟು ಕಿತ್ತ. ಲೇಬಲ್ ಬಂತು, ಜೊತೆಗೆ ರಟ್ಟಿನ ಚರ್ಮವೂ ಬಂತು. ಗೆರೆಗಳು ಅರ್ಧಕ್ಕೇ ಹರಿದವು.

“ಬೇಡ ಭಾವ! ಕಿತ್ತದ್ದು ಮತ್ತೆ ಓದಲ್ಲ. ಆ ಪೆಟ್ಟಿಗೇನೂ ಹೋಯ್ತು, ಹೊಸದಕ್ಕೆ ತುಂಬಿಸಿ. ಹಿಂದಿನವು ಇರಲಿ ಬಿಡಿ, ಕೋಡ್ ಒಂದೇ ಆದ್ರಿಂದ ತೊಂದರೆ ಇಲ್ಲ. ಗಿಡ್ಡ ಮುಖಕ್ಕೆ ಹೊಸದು ಮುದ್ರಿಸೋಣ.”

ಹೊರಗೆ ಲಾರಿ ಬಂದು ನಿಂತಿತ್ತು. ಗೋದಾಮಿನವರು ಮಾಲು ಇಳಿಸಲು ಮಧ್ಯಾಹ್ನದ ಹೊತ್ತು ಕೊಟ್ಟಿದ್ದರು. ಆ ಹೊತ್ತು ತಪ್ಪಿದರೆ ಗೇಟು ತೆರೆಯುವುದಿಲ್ಲ. ಡ್ರೈವರ್ ಒಳಗೆ ಇಣುಕಿದ. “ಏನಮ್ಮಾ, ಕಟ್ಟಿದ ಮನೆ ಕೆಡವ್ತಾ ಇದೀರಾ?”

“ಬನ್ನಿ ಅಣ್ಣ, ನೀವೂ ಒಂದು ಕೈ ಹಾಕಿ,” ಎಂದಳು ಅಕ್ಕ.

ಕಚೇರಿಯಿಂದ ಅವಳೇ ತಂದುಕೊಟ್ಟಿದ್ದ ಪುಟ್ಟ ಪ್ರಿಂಟರ್ ಮೂಲೆಯ ಮೇಜಿನ ಮೇಲಿತ್ತು. ಮೊದಲ ಲೇಬಲ್ ಹೊರಬಂತು. ಗೆರೆಗಳ ನಡುವೆ ಕೂದಲೆಳೆಯಷ್ಟು ಬಿಳಿ ಸೀಳು. ಸ್ಕ್ಯಾನರ್ ಹಿಡಿದಳು. ಕೆಂಪು ಬೆಳಕು ಬಿತ್ತು, ಸದ್ದಿಲ್ಲ. ಮತ್ತೊಂದು ತೆಗೆದಳು. ಅದೇ ಜಾಗದಲ್ಲಿ ಅದೇ ಸೀಳು, ಅದೇ ಮೌನ.

ಹೊರಗೆ ಡ್ರೈವರ್ ಲಾರಿಯ ಕ್ಲೀನರ್ ಹುಡುಗನನ್ನು ಕರೆಯುವ ನೆಪದಲ್ಲಿ ಒಮ್ಮೆ ಹಾರನ್ ಒತ್ತಿದ.

ಮೇಣದ ಪುಡಿ, ಎಂದುಕೊಂಡಳು. ಈ ಮನೆಯಲ್ಲಿ ಅದು ಇಲ್ಲದ ಜಾಗವೇ ಇಲ್ಲ. ಅಕ್ಕನ ಬಾಚಣಿಗೆಯಲ್ಲೂ ಇದೆ, ಊಟದ ತಟ್ಟೆಯ ಅಂಚಿನಲ್ಲೂ ಇದೆ. ಪ್ರಿಂಟರ್ ಆರಿಸಿ, ಅದರ ಮುದ್ರಿಸುವ ತಲೆ ತಣ್ಣಗಾಗಲು ಬಿಟ್ಟು, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿದಳು. ಒಣಗಲು ಕಾಯಬೇಕು. ಒದ್ದೆಯಿದ್ದಾಗ ಒತ್ತಿದರೆ ಇರುವುದೂ ಕೆಟ್ಟೀತು. ಕಾಯುತ್ತ ನಿಂತಾಗ ಮಾಲೀಕರ ಕನ್ನಡಕವಿಲ್ಲದ ಕಣ್ಣು ನೆನಪಾಯಿತು. ಅದರ ಹಿಂದೆಯೇ ಇನ್ನೊಂದು ಮಾತು ಚುಚ್ಚಿತು. ಬೇರೆ ಯಾವ ತಯಾರಕನಾಗಿದ್ದರೂ ಚಿತ್ರ ಬರೆದು, ಬಾಣ ಹಾಕಿ, ಅಳತೆ ಗುರುತಿಸಿ, ‘ಓದಿದ್ದೇನೆ’ ಎಂಬ ಉತ್ತರ ಬರುವ ತನಕ ಬಿಡುತ್ತಿರಲಿಲ್ಲ. ಮೊದಲ ಪೆಟ್ಟಿಗೆಯ ಫೋಟೊ ಕೇಳುತ್ತಿದ್ದಳು. ಭಾವನಿಗೆ ಮಾತ್ರ, ಮನೆಯವನಲ್ಲವೇ ಎಂದು, ಫೋನಿನಲ್ಲಿ ಒಂದು ಮಾತು ಎಸೆದಿದ್ದಳು. ಅತ್ತ ಅವನು ಬಿಸಿ ಮೇಣ ಸುರಿಯುತ್ತಿದ್ದ.

ಮತ್ತೆ ಗುಂಡಿ ಒತ್ತಿದಳು. ಲೇಬಲ್ ಬಂತು. ಸ್ಕ್ಯಾನರ್ ಹಿಡಿದಳು.

ಬೀಪ್.

“ಅಬ್ಬಾ, ಮಗು ಅತ್ತಂಗಾಯ್ತು,” ಎಂದಳು ಅಕ್ಕ.

“ಎಲ್ರೂ ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ. ಮೇಣದ ಕೈಗೆ ಲೇಬಲ್ ನಿಲ್ಲಲ್ಲ,” ಎಂದಳು ಅವಳು. “ಮೂಲೆಗೆ ಮಡಚಬೇಡಿ, ಟೇಪಿನ ಮೇಲೆ ಹಾಕಬೇಡಿ.”

ಎಲ್ಲರಿಗಿಂತ ಮೊದಲು ನಲ್ಲಿಯ ಹತ್ತಿರ ಹೋದವನು ಭಾವ. ಅಂಟಿಸಿದ ಪ್ರತಿ ಲೇಬಲ್‌ಗೂ ಅವಳು ಸ್ಕ್ಯಾನರ್ ಹಿಡಿದಳು. ಅವನು ಬೀಪ್ ಕೇಳಿದ ಮೇಲೆ ಪೆಟ್ಟಿಗೆ ಎತ್ತಿ, ಅಡ್ಡ ಉದ್ದ ನೋಡಿ, ಲೇಬಲ್ ಇರುವ ಮುಖ ಹೊರಗೆ ಮಾಡಿ ಇಟ್ಟ. ರಾಶಿ ಮುಗಿದಂತೆ ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಸುತ್ತಿದ. ತಮಾಷೆ ಮಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಅವಳೂ ಹೋದಳು. ಗೋದಾಮಿನ ಗೇಟು ಇನ್ನೂ ತೆರೆದಿತ್ತು. ಮಾಲು ತೆಗೆದುಕೊಳ್ಳುವವನು ನಗದ ಮನುಷ್ಯ. ಪ್ಯಾಲೆಟ್ ಸುತ್ತ ನಿಧಾನ ನಡೆದ. ಬೀಪ್, ಬೀಪ್. ಕೊನೆಯ ಪ್ಯಾಲೆಟ್‌ನ ಒಂದು ಗಿಡ್ಡ ಮುಖದ ಮುಂದೆ ನಿಂತ. ಸ್ಕ್ಯಾನರ್ ಸುಮ್ಮನಿತ್ತು. ಮತ್ತೆ ಹಿಡಿದ, ಸುಮ್ಮನಿತ್ತು. ಬಾಯಿ ತೆರೆದರೆ ಬೇಡಿದಂತಾದೀತೆಂದು ಅವಳು ತುಟಿ ಕಚ್ಚಿ ನಿಂತಳು.

ಅವನು ಪ್ಯಾಲೆಟ್‌ನ ಪ್ಲಾಸ್ಟಿಕ್ಕಿನ ಸುಕ್ಕನ್ನು ಹೆಬ್ಬೆರಳಿನಿಂದ ಸವರಿದ. ಬೀಪ್.

“ಸುಕ್ಕು ಬಿಡಬೇಡಿ, ಬೆಳಕು ಹೊಡೆಯುತ್ತೆ,” ಎಂದು ಚೀಟಿಗೆ ಮುದ್ರೆ ಒತ್ತಿ ಮುಂದಿನ ಲಾರಿಯನ್ನು ಕೂಗಿದ. ಅಷ್ಟೇ.

ಗೇಟಿನ ನೆರಳಿನಲ್ಲಿ ನಿಂತು ಮನೆಗೆ ಫೋನು ಮಾಡಿದಳು. ಮೊದಲ ರಿಂಗಿಗೇ ಭಾವ ಎತ್ತಿದ.

“ತಗೊಂಡ್ರು ಭಾವ. ಎಲ್ಲಾನೂ.”

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. “ಎರಡೂ ಕಡೆ ನೋಡಿದ್ರಾ?”

“ಎರಡು ಕಡೆ,” ಎಂದು ನಕ್ಕಳು. “ಇನ್ಮೇಲೆ ನಿಮಗೆ ಬಾಯಲ್ಲಿ ಹೇಳಲ್ಲ. ಚಿತ್ರ ಬರೆದು ಕೊಡ್ತೀನಿ, ನೀವು ಮೊದಲ ಪೆಟ್ಟಿಗೆ ಫೋಟೊ ಕಳಿಸ್ಬೇಕು.”

“ಯಾಕಮ್ಮಾ, ನನ್ನ ಕಿವಿ ಕೆಟ್ಟಿದೆಯಾ?”

“ಕಿವಿ ಅಲ್ಲ ಭಾವ. ನಾನೇ ಮನೆಯವರು ಅಂತ ಸ್ವಲ್ಪ ಸದರ...”

“ಅಮ್ಮಾ, ಲಾರಿ ತೆಗೀಬೇಕು, ಬನ್ನಿ!” ಡ್ರೈವರ್ ಕೂಗಿದ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ, “ಅದೇ ಭಾವ, ನಾನು ಹೇಳ್ತಾ ಇದ್ದದ್ದು, ಮುಂದಿನ ಆರ್ಡರ್ ಬಂದಾಗ ಮೊದಲು ನಾವಿಬ್ಬರೂ ಕೂತು ಚಿತ್ರ ನೋಡೋಣ,” ಎನ್ನುತ್ತ ಲಾರಿಯ ಕಡೆಗೆ ನಡೆದಳು.