ಹದಿನೆಂಟನೆಯ ತಾರೀಖಿನ ಮಧ್ಯಾಹ್ನ

ಅವ್ವ ಇದ್ದ ಕೊನೆಯ ಸಾಧಾರಣ ವಾರವದು. ನಾನು ನರ್ಸಾಗಿದ್ದ ಬೈಲಹೊಂಗಲದ ಆಸ್ಪತ್ರೆಯ ವಾರ್ಡಿನಲ್ಲಿ ಜೊತೆಯ ನರ್ಸು ನನ್ನ ಮುಂದೆ ಡ್ಯೂಟಿ ಬದಲಿಯ ಚೀಟಿ ಹಿಡಿದಳು.

"ಅಕ್ಕಾರ, ಹದಿನಾರಕ್ಕ ನನ್ನ ಮುಂಜಾನಿ ಎಂಟರಿಂದ ಎರಡು ನೀವು ಮಾಡ್ರಿ. ಹದಿನೆಂಟಕ್ಕ ನಿಮ್ಮ ಮಧ್ಯಾಹ್ನ ಎರಡರಿಂದ ಎಂಟು ನಾ ಮಾಡತೇನಿ. ಮಗಳ ಕಣ್ಣು ತೋರಿಸಬೇಕ್ರಿ."

ಹದಿನಾರಕ್ಕೆ ಮೇಲಧಿಕಾರಿಗಳಿಂದ ವಾರ್ಡಿನ ತಪಾಸಣೆ ಇತ್ತು. ಅದನ್ನು ತಪ್ಪಿಸಿಕೊಳ್ಳಲು ನೆಪ ಹೇಳುತ್ತಿದ್ದಾಳೆಂದು ನನಗೆ ಅನುಮಾನ ಬಂತು.

"ಕಣ್ಣು ಸರಿಯಾಗಿ ತಪಾಸಣಿ ದಿನಾನ ಕೆಡತಾವೇನವಾ?"

ಇಬ್ಬರ ಸಹಿಯಿಲ್ಲದೆ ಇನ್‌ಚಾರ್ಜ್ ಸಿಸ್ಟರ್ ಡ್ಯೂಟಿ ಬದಲಿಸುವುದಿಲ್ಲ. ನಾನು ಸಹಿ ಮಾಡಲಿಲ್ಲ.

ಹದಿನೇಳಕ್ಕೆ ಅವಳ ಮಗಳು ಹೊಸ ಕನ್ನಡಕ ಹಾಕಿಕೊಂಡು ವಾರ್ಡಿಗೆ ಬಂದಳು. ಹಿಂದಿನ ದಿನ ಅಪ್ಪನೇ ಕಣ್ಣು ತೋರಿಸಲು ಕರೆದೊಯ್ದಿದ್ದನಂತೆ. ಮರುದಿನ ಸಂಜೆ ನಾಲ್ಕಕ್ಕೆ ನಾನು ಬದಲಿಸಿಕೊಳ್ಳದ ಆ ಮಧ್ಯಾಹ್ನದ ಡ್ಯೂಟಿಯಲ್ಲಿದ್ದಾಗ, ನೇಸರಗಿಯ ನಮ್ಮ ಮನೆಯಲ್ಲಿ ಅವ್ವ ಒಬ್ಬಳೇ ತೀರಿಕೊಂಡಳು.

ಅವಳ ಕೊನೆಯ ಮಾತೇನಿತ್ತೋ ನನಗೆ ಗೊತ್ತಿಲ್ಲ.